ಪರ್ಫೆಕ್ಷನಿಸಂ: ಕೆಲಸದ ಮೇಲಿನ ಹಟವೋ, ಜನ ಏನಂದಾರೆಂಬ ಭಯವೋ?

ಪ್ರಶ್ನೆ: ಆಫೀಸಿನಲ್ಲಿ ಎಲ್ಲರೂ ನನ್ನನ್ನ ಪರ್ಫೆಕ್ಷನಿಸ್ಟ್ ಅಂತಾರೆ, ಹೊಗಳಿಕೆಯಾಗೇ ಅಂತಾರೆ. ಆದರೆ ನಾಲ್ಕು ಸಾಲಿನ ಇಮೇಲ್ ಕಳಿಸೋಕೂ ಹತ್ತು ಸಲ ಓದ್ತೀನಿ, ಕಳಿಸಿದ ಮೇಲೂ ಎದೆ ಹೊಡ್ಕೊಳ್ತಿರುತ್ತೆ. ಇದು ಶ್ರದ್ಧೆಯಾ, ಭಯಾನಾ? ಹೇಗೆ ಗೊತ್ತಾಗೋದು?

ನಾನು ಆಪ್ತಸಮಾಲೋಚಕಿ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸಂಶೋಧನಾ ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದವರು. ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಹೋದದ್ದು ಕೊನೆಯ ಮಾತಿನ ಕಡೆಗೆ, ಅಂದರೆ ಕಳಿಸಿದ ಮೇಲೂ ಎದೆ ಹೊಡೆದುಕೊಳ್ಳುತ್ತದೆ ಎಂಬುದರ ಕಡೆಗೆ. ಹತ್ತು ಸಲ ಓದುವವರು ಬಹಳ ಮಂದಿ ಇದ್ದಾರೆ. ಟೆಂಡರ್ ಪತ್ರವನ್ನೋ ಔಷಧದ ಪ್ರಮಾಣವನ್ನೋ ಹತ್ತು ಸಲ ನೋಡುವುದು ಸರಿಯಾದ ಕೆಲಸವೇ. ಆದರೆ ಕೆಲಸದ ಬಗ್ಗೆ ಇರುವ ಕಾಳಜಿ ಆ ಕೆಲಸ ಮುಗಿಯುತ್ತಿದ್ದಂತೆ ತಣ್ಣಗಾಗುತ್ತದೆ. ಕೆಲಸ ನಮ್ಮ ಕೈಯಿಂದ ಹೊರಟ ಕ್ಷಣದಿಂದಲೇ ಏರುವ ಕಳವಳ, ಅದನ್ನು ಇನ್ನೊಬ್ಬರು ನೋಡುತ್ತಾರಲ್ಲ ಎಂಬುದಕ್ಕೆ ಸೇರಿದ್ದು.

ಇವೆರಡೂ ಬೇರೆ ಬೇರೆ ಎಂಬುದು ಮನಶ್ಶಾಸ್ತ್ರದವರು ಅಳೆದು ನೋಡಿದ ಸಂಗತಿ. 1990ರಲ್ಲಿ ರ‍್ಯಾಂಡಿ ಫ್ರಾಸ್ಟ್ ಮತ್ತು ಅವರ ಜೊತೆಗಾರರು ರೂಪಿಸಿದ ಪ್ರಶ್ನಾವಳಿಯಲ್ಲಿ, ತನಗೆ ತಾನು ಇಟ್ಟುಕೊಳ್ಳುವ ಗುರಿ ಎಷ್ಟು ಎತ್ತರದ್ದು ಎಂಬುದಕ್ಕೂ, ತಪ್ಪಾದರೆ ಏನಾಗುತ್ತದೋ ಎಂಬ ಚಿಂತೆಗೂ ಪ್ರತ್ಯೇಕ ಅಂಕಗಳಿವೆ. ಆಮೇಲೆ ಬಂದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದೇನೆಂದರೆ, ಖಿನ್ನತೆ ಮತ್ತು ಆತಂಕ ಮುಖ್ಯವಾಗಿ ಈ ಎರಡನೆಯದರ ಜೊತೆ ಹೋಗುತ್ತವೆ. ಎತ್ತರದ ಗುರಿಯೊಂದೇ ಇದ್ದವರಲ್ಲಿ ಅಷ್ಟು ಸಂಕಟ ಕಾಣುವುದಿಲ್ಲ. ಇದನ್ನು ಯಾಕೆ ಹೇಳಿದೆನೆಂದರೆ, ಸಹಾಯ ಕೇಳಿಕೊಂಡು ಬರುವವರು ಮೊದಲು ಕೇಳುವುದೇ "ಹಾಗಾದ್ರೆ ನಾನು ಕೆಲಸದಲ್ಲಿ ಸಡಿಲ ಬಿಡಬೇಕಾ ಮೇಡಂ?" ಎಂದು. ಬೇಡ. ಗುರಿಯನ್ನು ತಗ್ಗಿಸದೆಯೇ ಭಯವನ್ನು ಇಳಿಸಬಹುದು.

ಒಬ್ಬಳೇ ವ್ಯಕ್ತಿಯಲ್ಲಿ ಎರಡೂ ಅಕ್ಕಪಕ್ಕ ಇದ್ದ ಉದಾಹರಣೆಯೊಂದನ್ನು ಕೊಡುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹತ್ತನೇ ತರಗತಿಯವರೆಗೆ ಹಳ್ಳಿಯ ಕನ್ನಡ ಮಾಧ್ಯಮದಲ್ಲಿ ಓದಿ, ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಲ್ಯಾಬಿನಲ್ಲಿ ಅವಳ ಕೆಲಸ ಎಷ್ಟು ಕಟ್ಟುನಿಟ್ಟು ಎಂದರೆ ಉಳಿದವರು ಅವಳನ್ನು ಕೇಳಿಯೇ ಪ್ರಯೋಗ ಹೊಂದಿಸುತ್ತಿದ್ದರು. ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಎಂಬ ಪ್ರಯೋಗ ಮಾಡುವಾಗ, ಡಿಎನ್‌ಎ ಹಾಕದ ಒಂದು ಟ್ಯೂಬನ್ನೂ ಜೊತೆಗೆ ಇಡುತ್ತಾರೆ. ಫಲಿತಾಂಶ ನೋಡುವಾಗ ಅದರಲ್ಲೂ ಡಿಎನ್‌ಎಯ ಗೆರೆ ಕಾಣಿಸಿಕೊಂಡರೆ ಎಲ್ಲೋ ಕಲಬೆರಕೆಯಾಗಿದೆ ಎಂದರ್ಥ. ಹಾಗಾದ ದಿನ ಅವಳಿಗೆ ಸಿಟ್ಟು ಬರುತ್ತಿತ್ತು, ಆದರೆ ನಾಚಿಕೆಯಾಗುತ್ತಿರಲಿಲ್ಲ. ದ್ರಾವಣಗಳನ್ನೆಲ್ಲ ಚೆಲ್ಲಿ, ಹೊಸದು ತೆಗೆದು, ಏನಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದು, ಮತ್ತೆ ಮಾಡುತ್ತಿದ್ದಳು. ಮೂರು ಸಲ ಒಂದೇ ಫಲಿತಾಂಶ ಬಂದರೆ ಮುಗಿಯಿತು, ಮುಂದಿನ ಕೆಲಸ.

ಅದೇ ಹುಡುಗಿ ಪ್ರಬಂಧದ ಒಂದು ಅಧ್ಯಾಯವನ್ನು ಸುಮಾರು ಒಂದು ವರ್ಷದಿಂದ ಗೈಡ್‌ಗೆ ತೋರಿಸಿರಲಿಲ್ಲ. ದಿನಾ ಬರೆಯುತ್ತಿದ್ದಳು. ಬಹುತೇಕ ದಿನ ಮೊದಲ ಪ್ಯಾರಾವನ್ನೇ ತಿದ್ದುತ್ತಿದ್ದಳು. ಯಾವುದು ಸರಿ ಇಲ್ಲ ಎಂದು ಕೇಳಿದರೆ "ಒಟ್ಟಾರೆ ಸರಿ ಅನ್ನಿಸ್ತಿಲ್ಲ" ಎನ್ನುತ್ತಿದ್ದಳು. ಲ್ಯಾಬಿನಲ್ಲಿ ಯಾವುದು ಸರಿ, ಎಷ್ಟಾದರೆ ಸಾಕು ಎಂಬುದು ಅವಳಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಬರವಣಿಗೆಯಲ್ಲಿ ಆ ಅಳತೆ ಅವಳ ಕೈಯಲ್ಲೇ ಇರಲಿಲ್ಲ. ಓದಿ ಮುಖ ಸಿಂಡರಿಸಬಹುದಾದ ಯಾರದೋ ಮನಸ್ಸಿನಲ್ಲಿತ್ತು. ಇನ್ನೊಬ್ಬರ ಮನಸ್ಸಿನಲ್ಲಿರುವ ಅಳತೆಯನ್ನು ಮುಟ್ಟಿದೆವೋ ಇಲ್ಲವೋ ಎಂದು ನಮಗೆಂದೂ ತಿಳಿಯುವುದಿಲ್ಲ. ಆದ್ದರಿಂದ ನಿಲ್ಲಿಸುವ ಜಾಗವೇ ಸಿಗುವುದಿಲ್ಲ.

ಬರೆಯುವಾಗ ಯಾರ ಮುಖ ಕಣ್ಮುಂದೆ ಬರುತ್ತದೆ ಎಂದು ಕೇಳಿದೆ. ಮೊದಲ ವರ್ಷದ ಸೆಮಿನಾರಿನಲ್ಲಿ ಅವಳ ಇಂಗ್ಲಿಷ್ ಉಚ್ಚಾರಣೆ ಕೇಳಿ ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದರಂತೆ. ಈ ಭಯಕ್ಕೆ ಕಾರಣ ಇತ್ತು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಕನ್ನಡ ಮಾಧ್ಯಮದಿಂದ ಬಂದವರ ಇಂಗ್ಲಿಷನ್ನು ನೋಡಿ ನಗುವವರು ನಿಜವಾಗಿಯೂ ಇದ್ದಾರೆ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರಿಗೆ ಆ ನಗು ಹೆಚ್ಚು ತಾಗುತ್ತದೆ. "ಅದೆಲ್ಲ ನಿನ್ನ ಕಲ್ಪನೆ" ಎಂದುಬಿಟ್ಟರೆ ಆ ಹುಡುಗಿಗೆ ಅನ್ಯಾಯ ಮಾಡಿದಂತೆ. ಆದರೆ ಅಂದು ನಕ್ಕವರು ಬೇರೆ, ಈ ಅಧ್ಯಾಯ ಓದಬೇಕಾದ ಗೈಡ್ ಬೇರೆ. ಅದನ್ನು ಪರೀಕ್ಷಿಸಿ ನೋಡುವ ದಾರಿಯನ್ನೇ ಭಯ ಮುಚ್ಚಿಬಿಟ್ಟಿತ್ತು.

ಹಾಗಾಗಿ ಅದನ್ನೂ ಒಂದು ಪ್ರಯೋಗದಂತೆಯೇ ಮಾಡಿದೆವು. ಕಳಿಸುವ ಮೊದಲು ಏನಾಗುತ್ತದೆಂದು ಅವಳೇ ಬರೆದಿಟ್ಟಳು: "ಇವಳಿಗೆ ಸೀಟು ಕೊಟ್ಟದ್ದೇ ತಪ್ಪು ಅಂದ್ಕೋತಾರೆ, ಪೂರ್ತಿ ಓದದೇ ವಾಪಸ್ ಕಳಿಸ್ತಾರೆ." ಇದನ್ನು ಎಷ್ಟು ನಂಬುತ್ತೀ ಎಂದರೆ ನೂರಕ್ಕೆ ತೊಂಬತ್ತು ಎಂದಳು. ಕಳಿಸಬೇಕಾದದ್ದು ವಿಧಾನದ ಭಾಗದ ಆರು ಪುಟ ಮಾತ್ರ. ಒಂದು ಸಲ ಓದಬೇಕು, ಒಂದು ಸಲ ಕಾಗುಣಿತ ನೋಡಬೇಕು, ಅಷ್ಟೇ. ಜೊತೆಗೆ "ಡ್ರಾಫ್ಟ್ ಚೆನ್ನಾಗಿಲ್ಲ, ಕ್ಷಮಿಸಿ ಸರ್" ಎಂಬ ಸಾಲು ಹಾಕುವಂತಿಲ್ಲ. ಅದು ತಾನಾಗಿ ತಗ್ಗಿ ಏಟು ತಪ್ಪಿಸಿಕೊಳ್ಳುವ ಉಪಾಯ. ಅದನ್ನು ಹಾಕಿದರೆ, ಏಟು ಬೀಳದಿದ್ದಾಗ ಕ್ಷಮೆ ಕೇಳಿದ್ದಕ್ಕೇ ಬಚಾವಾದೆ ಎಂದು ಮನಸ್ಸು ಲೆಕ್ಕ ಹಾಕಿಕೊಳ್ಳುತ್ತದೆ, ಏನೂ ಕಲಿತಂತಾಗುವುದಿಲ್ಲ. ಕಳಿಸಿದ ಮೇಲೆ ಸೆಂಟ್ ಫೋಲ್ಡರ್ ತೆರೆದು ಮತ್ತೆ ಓದುವಂತೆಯೂ ಇಲ್ಲ. ಅವಳಿಗೆ ಅತಿ ಕಷ್ಟವಾದದ್ದು ಈ ಕೊನೆಯದೇ.

ನಾಲ್ಕು ದಿನದ ಮೇಲೆ ಪುಟಗಳು ವಾಪಸ್ ಬಂದವು, ತುಂಬಾ ಕೆಂಪು ಗುರುತುಗಳೊಂದಿಗೆ. ಆ ಸಂಜೆ ಅವಳಿಗೆ ನೋವಾಯಿತು. ಮರುದಿನ ನಾವಿಬ್ಬರೂ ಕೂತು ಆ ಗುರುತುಗಳನ್ನು ಅವಳ ಭವಿಷ್ಯವಾಣಿಯ ಪಕ್ಕ ಇಟ್ಟು ನೋಡಿದೆವು. ಭವಿಷ್ಯವಾಣಿ ಪೂರ್ತಿ ಅವಳ ಬಗ್ಗೆ ಇತ್ತು. ಗುರುತುಗಳೆಲ್ಲ ಪುಟಗಳ ಬಗ್ಗೆ ಇದ್ದವು. ಮಾದರಿಗಳನ್ನು ಯಾವ ಆಧಾರದ ಮೇಲೆ ಕೈಬಿಟ್ಟಿರಿ ಎಂದು ಗೈಡ್ ಕೇಳಿದ್ದರು. ಒಂದು ಲೆಕ್ಕವನ್ನು ಬೇರೆ ರೀತಿಯಲ್ಲಿ ಮಾಡಿ ನೋಡಲು ಹೇಳಿದ್ದರು. ಅವಳು ಎಲ್ಲಕ್ಕಿಂತ ಹೆಚ್ಚು ಹೆದರಿದ್ದ ಇಂಗ್ಲಿಷ್ ವ್ಯಾಕರಣವನ್ನು ಎರಡು ಕಡೆ ತಿದ್ದಿ ಸುಮ್ಮನೆ ಮುಂದೆ ಹೋಗಿದ್ದರು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇಲ್ಲಿದೆ. ಒಂದು ವರ್ಷ ಅವಳ ಶ್ರಮವೆಲ್ಲ ಹೋದದ್ದು ಕಣ್ಣಿಗೆ ಬೀಳುವ ಜಾಗಕ್ಕೆ: ಮೊದಲ ಪ್ಯಾರಾ, ವಾಕ್ಯಗಳ ನಯ. ಅಧ್ಯಾಯದ ನಿಜವಾದ ದೋಷ, ಮಾದರಿಗಳನ್ನು ಕೈಬಿಟ್ಟ ಕಾರಣ ಬರೆಯದೇ ಇದ್ದದ್ದು, ಹಾಗೇ ಉಳಿದಿತ್ತು. ಲ್ಯಾಬಿನಲ್ಲಿ ಇಂಥ ಲೋಪವನ್ನು ಅವಳು ಒಂದು ಗಂಟೆಯೂ ಸಹಿಸುತ್ತಿರಲಿಲ್ಲ. ನೆಂಟರು ಬರುತ್ತಾರೆಂದು ಜಗಲಿಯನ್ನಷ್ಟೇ ಸಾರಿಸಿ, ಒಳಗೆ ಸೋರುವ ಮಾಡನ್ನು ಬಿಟ್ಟಂತೆ. ಭಯ ನಮ್ಮಿಂದ ಕೆಲಸ ಮಾಡಿಸುತ್ತದೆ ಎಂದು ಹಲವರು ಅದನ್ನು ಬಿಡಲು ಒಪ್ಪುವುದಿಲ್ಲ. ಮಾಡಿಸುತ್ತದೆ, ನಿಜ. ಯಾವ ಕೆಲಸ ಎಂಬುದನ್ನು ನೋಡಬೇಕು. ಗುಣಮಟ್ಟದ ಮೇಲೆ ನಿಜವಾದ ಹಟ ಇರುವವರು ತಪ್ಪು ಬೇಗ ಸಿಗಲಿ ಎಂದು ಅರ್ಧ ಬೆಂದ ಡ್ರಾಫ್ಟನ್ನೇ ನಂಬಿಕೆಯವರಿಗೆ ತೋರಿಸುತ್ತಾರೆ. ಭಯ ಇರುವವರು ತೋರಿಸುವುದನ್ನೇ ಮುಂದೂಡುತ್ತಾರೆ, ಹಾಗಾಗಿ ತಪ್ಪು ಎಲ್ಲಕ್ಕಿಂತ ತಡವಾಗಿ, ತಿದ್ದಲು ಸಮಯವಿಲ್ಲದಾಗ ಸಿಗುತ್ತದೆ.

ಒಂದೇ ಸಲಕ್ಕೆ ಅವಳ ಭಯ ಹೋಗಲಿಲ್ಲ. ತೊಂಬತ್ತು ಇದ್ದ ನಂಬಿಕೆ ಅರವತ್ತಕ್ಕೆ ಇಳಿಯಿತು. ಆಮೇಲೆ ಟೇಬಲ್ ಪೂರ್ತಿಯಾಗದ ಪುಟಗಳನ್ನು ಕಳಿಸಿದಳು, ಲ್ಯಾಬಿನ ಗುಂಪಿಗೆ ಒಂದು ಅಕ್ಷರತಪ್ಪನ್ನು ಬೇಕೆಂದೇ ಬಿಟ್ಟು ಮೆಸೇಜ್ ಹಾಕಿದಳು. ಹೀಗೆ ಹಲವು ಸಲ ಆದ ಮೇಲೆ ಕಳಿಸುವುದು ಸಾಮಾನ್ಯ ಸಂಗತಿಯಾಯಿತು.

ಈಗ ನಿಮ್ಮ ಇಮೇಲ್. ಹತ್ತು ಸಲ ಓದಿದರೆ ಖಾತ್ರಿ ಹೆಚ್ಚಬೇಕು ಎಂದು ನಮಗೆ ಅನ್ನಿಸುತ್ತದೆ. ಆಗುವುದು ತಿರುಗುಮುರುಗು. ನೆದರ್‌ಲೆಂಡ್ಸ್‌ನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯೊಂದನ್ನು ಹಚ್ಚಿ, ಆರಿಸಿ, ಆರಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಲು ಆರೋಗ್ಯವಂತರಿಗೇ ಹೇಳಿದರು. ಅವರ ನೆನಪು ತಪ್ಪಾಗಲಿಲ್ಲ, ಆದರೆ ಆ ನೆನಪಿನ ಮೇಲಿನ ನಂಬಿಕೆ ಕುಸಿಯಿತು. ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಾಗ ಅದು ಮಸುಕಾಗುತ್ತದೆ, ಮಸುಕಾದದ್ದನ್ನು ನಂಬಲಾಗದೆ ಇನ್ನೊಮ್ಮೆ ಓದುತ್ತೀರಿ.

ಹಾಗಾಗಿ ನೋಡುವುದನ್ನು ಬಿಡಬೇಡಿ, ಏನನ್ನು ನೋಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಗ್ರಾಹಕರಿಗೆ ಹೋಗುವ ಮೇಲ್ ಆದರೆ ಹೆಸರು, ದಿನಾಂಕ, ಅಂಕಿ, ಅಟ್ಯಾಚ್‌ಮೆಂಟ್, ಈ ನಾಲ್ಕನ್ನು ಒಂದೊಂದು ಸಲ ನೋಡಿ ಕಳಿಸಿ. ಟೀಮಿನವರಿಗೆ ಹೋಗುವುದಾದರೆ ಒಂದೇ ಓದು. ಕಳಿಸುವ ಮುಂಚೆ ಏನಾಗುತ್ತದೆಂದು ಭಯವಾಗುತ್ತಿದೆಯೋ ಅದನ್ನು ಒಂದು ಸಾಲಿನಲ್ಲಿ ಬರೆದಿಡಿ, ಮಾರನೇ ದಿನ ಏನಾಯಿತೆಂದು ಅದರ ಕೆಳಗೇ ಬರೆಯಿರಿ. ಒಂದು ವೇಳೆ ನಿಮ್ಮ ಸಣ್ಣ ತಪ್ಪಿಗೂ ಯಾರಾದರೂ ಎಲ್ಲರೆದುರು ಮರ್ಯಾದೆ ತೆಗೆಯುತ್ತಾರೆ ಎಂದು ಆ ಹಾಳೆಯೇ ತೋರಿಸಿದರೆ, ಅದು ನಿಮ್ಮ ಮನಸ್ಸಿನ ಕಾಯಿಲೆಯಲ್ಲ, ಆ ಜಾಗದ ಸಮಸ್ಯೆ. ಅದಕ್ಕೆ ಟೀಮ್ ಬದಲಿಸುವಂಥ ಬೇರೆ ಉಪಾಯ ಬೇಕು.

ಈ ಪರೀಕ್ಷಿಸುವಿಕೆ ಗ್ಯಾಸು, ಬೀಗ, ಕೈ ತೊಳೆಯುವುದಕ್ಕೂ ಹಬ್ಬಿದ್ದರೆ ಮನಶ್ಶಾಸ್ತ್ರಜ್ಞರನ್ನು ಕಾಣಿ. ಅದು ಬೇರೆ ತೊಂದರೆ ಇರಬಹುದು, ಚಿಕಿತ್ಸೆ ಇದೆ. ಬದುಕುವುದೇ ಬೇಡ ಅನ್ನಿಸುವ ಮಟ್ಟಕ್ಕೆ ಹೋಗಿದ್ದರೆ ಇವತ್ತೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನೂ ಸಂದೇಹ ಉಳಿದರೆ ಒಂದು ಕೆಲಸ ಮಾಡಿ. ಮುಂದಿನ ವರದಿ ಶುರುಮಾಡುವ ಮುಂಚೆ ಮ್ಯಾನೇಜರ್ ಹತ್ತಿರ ಹೋಗಿ "ಇದರಲ್ಲಿ ಯಾವ ಭಾಗ ಕರಾರುವಾಕ್ಕಾಗಿ ಇರಬೇಕು, ಯಾವುದು ಅಂದಾಜಿಗೆ ಇದ್ದರೆ ಸಾಕು?" ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ಅಂದಾಜಿನ ಭಾಗವನ್ನು ಅಂದಾಜಿನಲ್ಲೇ ಬಿಡಲು ನಿಮ್ಮಿಂದಾದರೆ, ನಿಮ್ಮದು ಬಹುಮಟ್ಟಿಗೆ ಕೆಲಸದ ಹಟ. ಸಾಕು ಎಂದು ಅವರೇ ಹೇಳಿದ ಮೇಲೂ ರಾತ್ರಿ ಕೂತು ಆ ಭಾಗವನ್ನೇ ತಿದ್ದುತ್ತಿದ್ದರೆ, ಅದನ್ನು ಯಾರಿಗಾಗಿ ತಿದ್ದುತ್ತಿದ್ದೀರಿ ಎಂದು ಅಲ್ಲೇ ಬರೆದು ನೋಡಿ. ಆ ಹಾಳೆಯಿಂದ ನಾವು ಕೆಲಸ ಶುರುಮಾಡಬಹುದು.