ಹೊಂಡದ ಹಾಳೆಯ ಅಳತೆ, ಬೆಸುಗೆ ಮತ್ತು ಟ್ರೆಂಚ್: ಒಂದು ಲೇಖನಕ್ಕೆ ಸಂಪಾದಕರ ಉತ್ತರ

“ಮಾನ್ಯ ಸಂಪಾದಕರಿಗೆ ನಮಸ್ಕಾರ. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸುವ ಬಗ್ಗೆ ಲೇಖನ ಕಳಿಸಿದ್ದೇನೆ. ಬಾಯಿ 21 ಮೀಟರ್, ತಳ 15 ಮೀಟರ್, ಆಳ 3 ಮೀಟರ್ ಇರುವ ಚೌಕ ಹೊಂಡಕ್ಕೆ ತಳದ 15ಕ್ಕೆ ಎರಡು ಬದಿಯ 3 ಮೀಟರ್ ಕೂಡಿಸಿ 21 ಮೀಟರ್ ಹಾಳೆ ಸಾಕೆಂದು ಬರೆದಿದ್ದೇನೆ. ಎರಡು ಹಾಳೆಗಳನ್ನು ಎರಡು ಅಡಿ ಒಂದರ ಮೇಲೊಂದು ಹಾಸಿದರೆ ನೀರಿನ ಭಾರವೇ ಅವನ್ನು ಒತ್ತಿ ಹಿಡಿಯುತ್ತದೆ ಎಂದೂ, ಅಂಚನ್ನು ಮಣ್ಣಿನಲ್ಲಿ ಮುಚ್ಚಿದರೆ ಕೆಲಸ ಮುಗಿಯಿತು ಎಂದೂ ಹೇಳಿದ್ದೇನೆ. ಪ್ರಕಟಣೆಗೆ ಯೋಗ್ಯವೇ? ನಿಸ್ಸಂಕೋಚವಾಗಿ ತಿಳಿಸಿ.”
— ತಿಕೋಟಾ ಕಡೆಯ ಒಬ್ಬ ಲೇಖಕರು

ಮಾನ್ಯರೇ, ನಮಸ್ಕಾರ.

ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ನಿಮ್ಮ ಭಾಷೆ ಸ್ವಚ್ಛವಾಗಿದೆ, ಆದರೆ ಇದನ್ನು ಓದಿದ ರೈತರೊಬ್ಬರು ನಿಮ್ಮ ಅಂಕಿಗಳನ್ನೇ ಚೀಟಿಯಲ್ಲಿ ಬರೆದುಕೊಂಡು ಹಾಳೆಯ ಅಂಗಡಿಗೆ ಹೋದರೆ ಅವರಿಗೆ ಆಗುವ ನಷ್ಟ ದೊಡ್ಡದು. ಆದ್ದರಿಂದ ಮೊದಲು ಅಳತೆಯನ್ನು ನೋಡೋಣ.

ಹೊಂಡದ ಗೋಡೆ ನೆಟ್ಟಗೆ ನಿಂತಿಲ್ಲ, ಓರೆಯಾಗಿ ಮಲಗಿದೆ. ನೀವು ಕೊಟ್ಟ ಅಳತೆಯ ಹೊಂಡದಲ್ಲಿ ಪ್ರತಿ ಬದಿಯೂ 3 ಮೀಟರ್ ಇಳಿಯುವಾಗ 3 ಮೀಟರ್ ಒಳಗೆ ಸರಿಯುತ್ತದೆ, ಅಂದರೆ ಇಳಿಜಾರು 1:1. ಹಾಳೆ ಹೊದಿಯಬೇಕಾದದ್ದು ಆ ಓರೆಯ ಉದ್ದವನ್ನು. ಅದು ಆಳದ 1.414 ಪಟ್ಟು, ಎಂದರೆ 4.24 ಮೀಟರ್. ನೀವು ಓರೆಯ ಬದಲು ಆಳವನ್ನು ಕೂಡಿಸಿದ್ದರಿಂದ ಬಂದ ಮೊತ್ತ ಹೊಂಡದ ಬಾಯಿಯ ಅಗಲಕ್ಕೆ ಸರಿಯಾಗಿ ಹೊಂದಿಕೊಂಡಿತು. ಬಹುಶಃ ಆ ಹೊಂದಾಣಿಕೆಯೇ ನಿಮಗೆ ಲೆಕ್ಕ ಸರಿ ಎಂಬ ಭರವಸೆ ಕೊಟ್ಟಿರಬೇಕು. ಆದರೆ ಬಾಯಿಯಷ್ಟೇ ಅಗಲದ ಹಾಳೆ ಬಾಯಿಯನ್ನು ಮುಚ್ಚುವುದಕ್ಕೆ ಸಾಕಾಗುತ್ತದೆಯೇ ಹೊರತು ಒಳಗಿಳಿದು ತಳ ಮುಟ್ಟಿ ಮತ್ತೆ ಮೇಲೇರುವುದಕ್ಕೆ ಸಾಲುವುದಿಲ್ಲ.

ಸರಿಯಾದ ಲೆಕ್ಕ ಹೀಗೆ. ತಳ 15 ಮೀಟರ್, ಎರಡು ಓರೆಗಳು ಸೇರಿ ಸುಮಾರು 8.5 ಮೀಟರ್, ಒಟ್ಟು 23.5. ಇನ್ನು ದಂಡೆಯ ಮೇಲಿನ ಪಾಲು. ಬಾಯಿಯ ಅಂಚಿನಿಂದ, ಹಾಳೆಯ ತುದಿ ಹೂಳಲು ಸುತ್ತಲೂ ತೋಡುವ ಟ್ರೆಂಚಿನವರೆಗೆ ಹಾಳೆ 0.6 ಮೀಟರ್ ಮಲಗುತ್ತದೆ, ಟ್ರೆಂಚಿನ ಒಳಮೈಗುಂಟ 0.45 ಇಳಿಯುತ್ತದೆ, ಅದರ ತಳದಲ್ಲಿ ಮತ್ತೆ 0.45 ಹರಡಿಕೊಳ್ಳುತ್ತದೆ. ಒಂದು ಬದಿಗೆ ಒಂದೂವರೆ ಮೀಟರ್, ಎರಡೂ ಬದಿಗೆ 3 ಮೀಟರ್. ಈಗ 26.5 ಆಯಿತು. ಹಾಳೆಯನ್ನು ಬಿಗಿಯಾಗಿ ಎಳೆಯದೆ ಸಡಿಲವಾಗಿ ಬಿಡಲು ಇನ್ನರ್ಧ ಮೀಟರ್ ಸೇರಿಸಿದರೆ 27 ಮೀಟರ್. ಚೌಕ ಹೊಂಡವಾದ್ದರಿಂದ 27ಕ್ಕೆ 27, ಅಂದರೆ 729 ಚದರ ಮೀಟರ್. ನಿಮ್ಮ ಲೇಖನದ ಪ್ರಕಾರ ರೈತರು ತರುವುದು 441 ಚದರ ಮೀಟರ್.

ಆ ಚಿಕ್ಕ ಹಾಳೆ ತಂದವರ ಗತಿ ಏನಾಗುತ್ತದೆ ಎಂಬುದನ್ನೂ ಲೇಖನದಲ್ಲಿ ಬರೆಯಿರಿ, ಏಕೆಂದರೆ ಓದುಗರಿಗೆ ಲೆಕ್ಕದ ಬೆಲೆ ಅಲ್ಲಿಯೇ ತಿಳಿಯುತ್ತದೆ. ತಳ ಹಾಸಿದ ಮೇಲೆ ಪ್ರತಿ ಬದಿಗೆ ಉಳಿಯುವುದು 3 ಮೀಟರ್. ಅದು 4.24 ಮೀಟರಿನ ಓರೆಯನ್ನು ಏರುತ್ತ ದಂಡೆಗಿಂತ ಓರೆಯಗುಂಟ 1.24 ಮೀಟರ್ ಕೆಳಗೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗಿನ ಆಳ ಬರೀ 2.12 ಮೀಟರ್. ಪೂರ್ತಿ ತುಂಬಿದರೆ ಸುಮಾರು 980 ಘನ ಮೀಟರ್ ಹಿಡಿಯಬೇಕಾದ ಹೊಂಡದಲ್ಲಿ ಸುಮಾರು 625 ಘನ ಮೀಟರ್ ಮಾತ್ರ ನಿಲ್ಲುತ್ತದೆ. ಮೂರೂವರೆ ಲಕ್ಷ ಲೀಟರ್ ನೀರು ಹೀಗೆ ಹೋಯಿತು. ಅಷ್ಟೇ ಅಲ್ಲ, ಹೂಳಲು ಅಂಚೇ ಇಲ್ಲದ ಕಾರಣ ಆ ಹಾಳೆ ತನ್ನ ಭಾರಕ್ಕೇ ಕೆಳಗೆ ಜಾರುತ್ತದೆ.

ಇಳಿಜಾರಿನ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ. ನಮ್ಮ ಭಾಗದಲ್ಲಿ ಅದು ಸಾಲದು. ಮೇಲೆ ಎರೆಮಣ್ಣು, ಕೆಳಗೆ ಗಟ್ಟಿ ಗರಸು ಇರುವ ಹೊಲದಲ್ಲಿ 1:1 ನಿಲ್ಲುತ್ತದೆ. ಮೇಲಿಂದ ಕೆಳತನಕ ಎರೆಯೇ ಇದ್ದರೆ, ಅಥವಾ ಮಣ್ಣು ಸಡಿಲವಿದ್ದರೆ, 1 ಮೀಟರ್ ಆಳಕ್ಕೆ ಗೋಡೆಯನ್ನು ಒಂದೂವರೆ ಮೀಟರ್ ಒಳಗೆ ಸರಿಸುವುದೇ ಕ್ಷೇಮ. ಬಾಯಿ 21 ಮೀಟರೇ ಇಟ್ಟುಕೊಂಡು ಹಾಗೆ ಮಾಡಿದರೆ ತಳ 12 ಮೀಟರಿಗೆ ಇಳಿಯುತ್ತದೆ, ನೀರು ಸುಮಾರು 837 ಘನ ಮೀಟರಿಗೆ ಇಳಿಯುತ್ತದೆ. ಈ ನಷ್ಟವನ್ನು ಮುಚ್ಚಿಡದೆ ಹೇಳಿರಿ, ಆಯ್ಕೆಯನ್ನು ರೈತರು ಮಾಡಲಿ. ಜೆಸಿಬಿ ಬಕೆಟ್ಟಿನ ಹಲ್ಲು ಗೋಡೆಯ ಮೇಲೆ ಬಿಟ್ಟ ಗೀರುಗಳನ್ನು, ಗರಸಿನಿಂದ ಹೊರಗೆ ಇಣುಕುವ ಚೂಪುಗಲ್ಲುಗಳನ್ನು ಕೈಯಿಂದಲೇ ತೆಗೆದು ನಯವಾದ ಮಣ್ಣು ಮೆತ್ತಬೇಕೆಂಬುದನ್ನೂ ಸೇರಿಸಿರಿ. 500 ಮೈಕ್ರಾನ್ ಹಾಳೆಯ ದಪ್ಪ ಎಂದರೆ ಅರ್ಧ ಮಿಲಿಮೀಟರ್ ಅಷ್ಟೇ. ಮೇಲೆ 3 ಮೀಟರ್ ನೀರು ಕುಳಿತಾಗ ಅದರ ಕೆಳಗಿನ ಒಂದೇ ಚೂಪುಗಲ್ಲು ಸಾಕು.

ಎರಡು ಹಾಳೆಗಳ ಜೋಡಣೆಯ ವಿಷಯದಲ್ಲಿ ನಿಮ್ಮದು ಪೂರ್ತಿ ತಪ್ಪು ಗ್ರಹಿಕೆ. ನೀರು ಮೇಲಿನ ಹಾಳೆಯನ್ನು ಒತ್ತುವುದು ನಿಜ. ಆದರೆ ಅದೇ ನೀರು ಅಂಚಿನಿಂದ ಎರಡು ಹಾಳೆಗಳ ನಡುವೆಯೂ ನುಸುಳುತ್ತದೆ, ಅಲ್ಲಿಯೂ ಅಷ್ಟೇ ಒತ್ತಡ ಹಾಕುತ್ತದೆ. ಹೀಗಾಗಿ ಮೇಲಿನ ಒತ್ತಡದಿಂದ ಜೋಡಣೆ ಮುಚ್ಚಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಎರಡು ಅಡಿ ಇರಲಿ, ನಾಲ್ಕು ಅಡಿ ಇರಲಿ, ಬೆಸೆಯದ ಜೋಡಣೆ ಸೋರುತ್ತದೆ. ಅಂಟು ಹಚ್ಚಿದರೂ ಪ್ರಯೋಜನವಿಲ್ಲ, ಏಕೆಂದರೆ ಪಾಲಿಥೀನ್ ಮೈಗೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲ. ಹಾಳೆಯನ್ನು 10ರಿಂದ 15 ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಇಟ್ಟು ಬಿಸಿಯಿಂದ ಬೆಸೆಯಬೇಕು. ಈ ಗಾತ್ರದ ಹೊಂಡಕ್ಕೆ ಕಾರ್ಖಾನೆಯಲ್ಲೇ ಬೆಸೆದ ಒಂದೇ ತುಂಡಿನ ಹಾಳೆ ಸಿಗುತ್ತದೆ, ಅದನ್ನೇ ತರಿಸುವುದು ಮೇಲು. ಹೊಲದಲ್ಲೇ ಬೆಸೆಯುವುದು ಅನಿವಾರ್ಯವಾದರೆ ಜೋಡಣೆಯ ಗೆರೆ ಓರೆಯ ಮೇಲೆ ಮೇಲಿಂದ ಕೆಳಕ್ಕೆ ಬರಬೇಕು. ಅಡ್ಡವಾಗಿ ಬಂದರೆ ಕೆಳಗಿನ ಹಾಳೆಯ ಎಳೆತವೆಲ್ಲ ಆ ಬೆಸುಗೆಯ ಮೇಲೆಯೇ ಬೀಳುತ್ತದೆ. ಮೂಲೆಯಲ್ಲಿ ಜೋಡಣೆ ಬೇಡ. ಮೂಲೆಯಲ್ಲಿ ಹೆಚ್ಚಾದ ಹಾಳೆಯನ್ನು ಕತ್ತರಿಸದೆ ಮಡಚಿ ಒಂದು ಬದಿಗೆ ಮಲಗಿಸಬೇಕು.

ಬೆಸುಗೆ ಸರಿಯಾಯಿತೇ ಎಂದು ತಿಳಿಯುವ ಬಗೆಯನ್ನು ಓದುಗರು ಖಂಡಿತ ಕೇಳುತ್ತಾರೆ. ಕೆಲಸ ಶುರುವಾಗುವ ಮೊದಲು ಅದೇ ಹಾಳೆಯ ಎರಡು ತುಂಡುಗಳನ್ನು ಅದೇ ಯಂತ್ರದಿಂದ ಬೆಸೆಯಲು ಹೇಳಬೇಕು. ತಣ್ಣಗಾದ ಮೇಲೆ ಬೆಸುಗೆಗೆ ಅಡ್ಡವಾಗಿ ಒಂದು ಇಂಚು ಅಗಲದ ಪಟ್ಟಿ ಕತ್ತರಿಸಿ, ಎರಡು ತುದಿಗಳನ್ನು ಹಿಡಿದು ಬಾಳೆಯ ಸಿಪ್ಪೆ ಬಿಡಿಸುವಂತೆ ಜಗ್ಗಬೇಕು. ಹಾಳೆಯೇ ಹಿಗ್ಗಿ ಹರಿದರೆ ಬೆಸುಗೆ ಗಟ್ಟಿ. ಎರಡು ಪದರ ಸಲೀಸಾಗಿ ಬಿಟ್ಟುಕೊಂಡು, ಬೇರ್ಪಟ್ಟ ಮೈ ನುಣ್ಣಗೆ ಕಂಡರೆ ಬಿಸಿ ಸಾಲಲಿಲ್ಲ ಅಥವಾ ನಡುವೆ ಧೂಳು ಕುಳಿತಿತ್ತು ಎಂದು ತಿಳಿಯಬೇಕು. ನಮ್ಮ ಬೇಸಿಗೆಯ ಗಾಳಿಯಲ್ಲಿ ಎರಡನೆಯದೇ ಹೆಚ್ಚು. ಅಂಚನ್ನು ಒಣ ಬಟ್ಟೆಯಿಂದ ಒರೆಸಿದ ಕೂಡಲೇ ಬೆಸೆಯಬೇಕು.

ಇನ್ನು ಟ್ರೆಂಚ್. ಇದಕ್ಕೆ ಲೇಖನದಲ್ಲಿ ಅರ್ಧ ಪುಟವಾದರೂ ಬೇಕು. ಇಂಡಿ ತಾಲ್ಲೂಕಿನಲ್ಲಿರುವ ನಮ್ಮ ಲಿಂಬೆ ತೋಟದ ಹೊಂಡಕ್ಕೆ ಮೊದಲ ಸಲ ಹಾಳೆ ಹಾಕಿದವರು ಬಾಯಿಯ ಅಂಚಿಗೇ ಹತ್ತಿ ಅರ್ಧ ಅಡಿ ಅಗೆದು, ತೆಗೆದ ಎರೆಯನ್ನೇ ಮತ್ತೆ ಎಳೆದು ಮುಚ್ಚಿದ್ದರು. ನೋಡಲು ಚೆಂದವಾಗಿತ್ತು. ಮಾರ್ಚ್ ಹೊತ್ತಿಗೆ ಎರೆ ಬಿರಿಯಿತು, ಟ್ರೆಂಚಿನ ಉದ್ದಕ್ಕೂ ನನ್ನ ಬೆರಳು ಇಳಿಯುವಷ್ಟು ಸೀಳು ಬಿತ್ತು. ನೀರು ತಳ ಸೇರಿದ್ದಾಗ ಒಂದು ಸಂಜೆ ಮಳೆಗೆ ಮುಂಚಿನ ಗಾಳಿ ಎದ್ದು ಒಂದು ಬದಿಯ ಹಾಳೆಯನ್ನು ಎತ್ತಿ ಹಾಕಿತು. ಬೆಳಿಗ್ಗೆ ಹೋಗಿ ನೋಡಿದರೆ ಹೂಳಿದ್ದ ಅಂಚು ಮಣ್ಣಿನ ಹೆಂಟೆಗಳ ಸಮೇತ ಹೊಂಡದೊಳಗೆ ಮಡಚಿ ಬಿದ್ದಿತ್ತು. ಹರಿದದ್ದು ಎರಡೇ ಕಡೆ, ಆದರೆ ಎರಡೂ ಕಡೆ ಹೆಂಟೆಯೊಳಗಿನ ಕಲ್ಲು ಉಜ್ಜಿದ ಜಾಗ.

ಅಲ್ಲಿ ಆದ ತಪ್ಪುಗಳನ್ನು ಹಿಂದಿನಿಂದ ಮುಂದಕ್ಕೆ ಓದಿದರೆ ಕ್ರಮ ತಾನಾಗಿ ತಿಳಿಯುತ್ತದೆ. ಟ್ರೆಂಚ್ ಬಾಯಿಯಿಂದ ಎರಡು ಅಡಿ ಹಿಂದೆ ಇರಬೇಕು, ಇಲ್ಲದಿದ್ದರೆ ನಡುವಿನ ಮಣ್ಣಿನ ಗೋಡೆಯೇ ಕುಸಿಯುತ್ತದೆ. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ ಬೇಕು. ಹಾಳೆ ಮಡಚಿಕೊಳ್ಳುವ ಒಳ ಅಂಚನ್ನು ದುಂಡಗೆ ತಿದ್ದಬೇಕು, ಚೂಪಾಗಿ ಬಿಟ್ಟರೆ ಹಾಳೆ ಅಲ್ಲಿಯೇ ಸವೆಯುತ್ತದೆ. ಮುಚ್ಚಲು ಎರೆ ಬೇಡ. ಹಾಳೆಗೆ ತಾಗುವ ಕಡೆ ಕಲ್ಲಿಲ್ಲದ ನಯವಾದ ಮಣ್ಣು, ಅದರ ಮೇಲೆ ಜರಡಿ ಹಿಡಿದ ಗರಸು, ಅರ್ಧರ್ಧ ಅಡಿಯ ಪದರಗಳಲ್ಲಿ, ತುಸು ನೀರು ಚಿಮುಕಿಸಿ ದಿಮ್ಮಿಸಿ ತುಂಬಬೇಕು. ಗರಸು ಒಣಗಿದರೂ ಎರೆಯಂತೆ ಬಿರಿಯುವುದಿಲ್ಲ. ಟ್ರೆಂಚಿನ ಸುತ್ತ ನೆಲ ಹೊಲಕ್ಕಿಂತ ಎತ್ತರವಿರಬೇಕು, ಇಲ್ಲವಾದರೆ ಹೊಲದಿಂದ ಹರಿದು ಬಂದ ಮಳೆನೀರು ಹಾಳೆಯ ಮೇಲೆ ಬೀಳುವ ಬದಲು ಅದರ ಅಡಿಗೆ ಹೊಕ್ಕು ಅದನ್ನು ಉಬ್ಬಿಸುತ್ತದೆ.

ಟ್ರೆಂಚನ್ನು ಯಾವಾಗ ಮುಚ್ಚಬೇಕು ಎಂಬ ಪ್ರಶ್ನೆಯನ್ನು ನೀವು ಎತ್ತಿಯೇ ಇಲ್ಲ, ಬಹಳ ಜನ ಎತ್ತುವುದೂ ಇಲ್ಲ. ಪಾಲಿಥೀನ್ ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತದೆ. ನಮ್ಮ 27 ಮೀಟರ್ ಹಾಳೆ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ 30 ಡಿಗ್ರಿ ವ್ಯತ್ಯಾಸ ಕಂಡರೆ ಹತ್ತಿರ ಹತ್ತಿರ ಅರ್ಧ ಅಡಿ ಕುಗ್ಗುತ್ತದೆ. ಮಧ್ಯಾಹ್ನ ಬಿಸಿಗೆ ಹಿಗ್ಗಿದ ಹಾಳೆಯನ್ನು ಸಡಿಲವಿದೆ ಎಂದು ಎಳೆದು ಬಿಗಿದು ಹೂಳಿದರೆ, ನಸುಕಿನಲ್ಲಿ ಅದು ಕುಗ್ಗಿ ಓರೆ ಮತ್ತು ತಳ ಕೂಡುವ ಸಂದಿಯಲ್ಲಿ ನೆಲ ಬಿಟ್ಟು ತೊಟ್ಟಿಲ ಬಟ್ಟೆಯಂತೆ ತೂಗುತ್ತದೆ. ಆ ಸಂದಿಯನ್ನು ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿದರೆ ಅಡಿಯಲ್ಲಿ ಟೊಳ್ಳು ತಿಳಿಯುತ್ತದೆ. ಅಲ್ಲಿ ನೀರು ನಿಂತಾಗ ಹಾಳೆ ಸೀಳುತ್ತದೆ, ಇಲ್ಲವೇ ಟ್ರೆಂಚಿನಿಂದ ಕಿತ್ತು ಬರುತ್ತದೆ. ಆದ್ದರಿಂದ ಹಾಸಿದ ದಿನ ಅಂಚಿನ ಮೇಲೆ ಮಣ್ಣು ತುಂಬಿದ ಚೀಲಗಳನ್ನಿಟ್ಟು ಬಿಡಬೇಕು. ತಳದಲ್ಲಿ ಒಂದೆರಡು ಅಡಿ ನೀರು ಬಿಟ್ಟರೆ ಹಾಳೆ ತನ್ನಷ್ಟಕ್ಕೆ ಸಂದಿಗೆ ಕೂರುತ್ತದೆ. ಮರುದಿನ ಬಿಸಿಲೇರುವ ಮೊದಲು, ಹಾಳೆ ಪೂರ್ತಿ ಕುಗ್ಗಿರುವಾಗ, ಟ್ರೆಂಚ್ ಮುಚ್ಚಬೇಕು.

ತಿದ್ದುವಾಗ ನೀರಿನ ಮಹತ್ವ ಹೇಳುವ ಮೊದಲ ಎರಡು ಪುಟಗಳನ್ನು ಬಿಟ್ಟುಬಿಡಿ, ಹೊಂಡದ ಅಳತೆಯಿಂದಲೇ ಆರಂಭಿಸಿ. ಹೊಂಡದ ಅಳತೆಯನ್ನು ಮೀಟರಿನಲ್ಲಿ, ಟ್ರೆಂಚಿನ ಅಳತೆಯನ್ನು ಅಡಿಯಲ್ಲಿ ಕೊಡಿ. ಹಾಳೆಯ ಬಿಲ್ಲು ಮೀಟರಿನ ಲೆಕ್ಕದಲ್ಲಿ ಆಗುತ್ತದೆ, ಅಗೆಯುವ ಆಳುಗಳು ಅಡಿಯಲ್ಲೇ ಕೇಳುತ್ತಾರೆ. ಓರೆ, ದಂಡೆ, ಟ್ರೆಂಚ್ ಮೂರೂ ಕಾಣುವಂತೆ ಅಡ್ಡಕೊಯ್ತದ ಒಂದು ಚಿತ್ರವನ್ನು ಕೈಯಿಂದಲೇ ಬರೆದು ಕಳಿಸಿರಿ, ಇಲ್ಲಿ ಶುದ್ಧ ಪ್ರತಿ ಮಾಡಿಸುತ್ತೇವೆ. ನಿಮ್ಮೂರಿನ ದ್ರಾಕ್ಷಿ ತೋಟಗಳಲ್ಲಿ ಈಗಾಗಲೇ ಹಾಳೆ ಹಾಕಿದ ಹೊಂಡಗಳಿದ್ದರೆ ಒಂದಕ್ಕೆ ನಸುಕಿನಲ್ಲಿ ಹೋಗಿ, ಸಂದಿಯನ್ನು ಒತ್ತಿ ನೋಡಿ, ಟ್ರೆಂಚಿನ ಮಣ್ಣು ಬಿರಿದಿದೆಯೇ ಎಂದು ಕಂಡು, ಕಂಡದ್ದನ್ನೇ ಬರೆಯಿರಿ. ಆ ಪ್ರತಿಗಾಗಿ ಕಾಯುತ್ತೇನೆ.

ಇಂತು,
ಸಂಪಾದಕ, ವಿಜಯಪುರ