ಬಾಯಲ್ಲಿ "ಫ್ಲೆಕ್ಸಿಬಲ್", ಆಫರ್ ಲೆಟರ್‌ನಲ್ಲಿ 9ರಿಂದ 6

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆ ಕೇಳಲು ಬಂದವರು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ಮಹಿಳೆ. ಹೊಸ ಆಫರ್‌ಗೆ ಸಹಿ ಹಾಕಲು ನಾಲ್ಕೇ ದಿನ ಉಳಿದಿತ್ತು. ಸಂದರ್ಶನದಲ್ಲಿ ಮ್ಯಾನೇಜರ್ "ನಮ್ಮಲ್ಲಿ ಎಲ್ಲ ಫ್ಲೆಕ್ಸಿಬಲ್" ಅಂದಿದ್ದರಂತೆ. ಲೆಟರ್‌ನಲ್ಲಿ ಮಾತ್ರ ಐದೂ ದಿನ ಆಫೀಸ್, 9ರಿಂದ 6 ಅಂತ ಇತ್ತು.

"ಮೂರು ದಿನ ಮನೆಯಿಂದ ಕೆಲಸ ಕೇಳಲಾ ಮೇಡಂ? ಆಫರ್ ವಾಪಸ್ ತಗೊಂಡುಬಿಟ್ಟರೆ?"

ಒಂದು ಹಾಳೆ ಕೊಟ್ಟು, ನಿಮ್ಮ ವಾರವನ್ನು ಬರೆಯಿರಿ ಅಂದೆ. ಮಗನಿಗೆ ಮಂಗಳವಾರ, ಗುರುವಾರ ಸಂಜೆ 4ಕ್ಕೆ ಮಾತಿನ ಥೆರಪಿ. ಉಳಿದ ದಿನ ಅಜ್ಜಿ ನೋಡಿಕೊಳ್ಳುತ್ತಾರೆ. ಬರೆದು ಮುಗಿಸಿ ಅವರೇ ಹಾಳೆ ನೋಡುತ್ತಾ ಕೂತರು. ಬೇಕಿದ್ದದ್ದು ಮೂರು ದಿನ ಅಲ್ಲ, ಎರಡು ಸಂಜೆ. ಮನೆಯಿಂದ ಕೆಲಸ ಸಿಕ್ಕರೂ 4ಕ್ಕೆ ಮೀಟಿಂಗ್ ಇಟ್ಟರೆ ಥೆರಪಿ ತಪ್ಪುತ್ತದೆ, ಅಲ್ವಾ? ದಿನ ಬೇರೆ, ಸಮಯ ಬೇರೆ. ತುಂಬಾ ಜನ ಇವೆರಡನ್ನೂ ಒಂದೇ ಅಂದುಕೊಂಡು ಕೇಳುತ್ತಾರೆ.

ಮೊದಲು ಮ್ಯಾನೇಜರ್ ಜೊತೆ ಫೋನಲ್ಲಿ ಮಾತಾಡಿ, ಆಮೇಲೆ ಮೇಲ್ ಹಾಕಿ ಅಂದೆ. ಮೇಲ್ ಹೀಗಿತ್ತು: "ಈ ಕೆಲಸಕ್ಕೆ ಸೇರಲು ನನಗೆ ಮನಸ್ಸಿದೆ. ಮಂಗಳವಾರ, ಗುರುವಾರ ಮನೆಯಿಂದ ಬೆಳಿಗ್ಗೆ 8ಕ್ಕೆ ಶುರು ಮಾಡುತ್ತೇನೆ. 3.30ರಿಂದ 5.30ರವರೆಗೆ ಸಿಗುವುದಿಲ್ಲ. ಆಮೇಲೆ 7ರವರೆಗೆ ಕೆಲಸ ಮಾಡುತ್ತೇನೆ. ತಿಂಗಳ ಕೊನೆಯ ಲೆಕ್ಕ ಮುಗಿಸುವ ವಾರ ಮನೆಯಿಂದ ಕೆಲಸ ಬಿಟ್ಟು ಆಫೀಸಿಗೇ ಬರುತ್ತೇನೆ. ಥೆರಪಿಯ ಸಮಯ ಮಾತ್ರ ಆಗಲೂ ಬೇಕು. ಮೂರು ತಿಂಗಳಾದ ಮೇಲೆ ಒಟ್ಟಿಗೆ ಕೂತು ನೋಡೋಣ." ತಿಂಗಳ ಕೊನೆಯ ಸಾಲು ಅವರೇ ಸೇರಿಸಿದ್ದು. ಮ್ಯಾನೇಜರ್‌ಗೆ ಭಯ ಇರುವುದೇ ಅಲ್ಲಿ ಅಂತ ಅವರಿಗೆ ಗೊತ್ತಿತ್ತು. ಇಡೀ ಮೇಲ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದೂ ಅದೇ ಸಾಲು.

ಮ್ಯಾನೇಜರ್ ಒಪ್ಪಿದರು. ಎಚ್‌ಆರ್ ಮಾತ್ರ "ಲೆಟರ್ ಎಲ್ಲರಿಗೂ ಒಂದೇ, ಬದಲಿಸಲ್ಲ. ಮ್ಯಾನೇಜರ್ ಮೇಲ್ ಇದೆಯಲ್ಲ, ಸಾಕು" ಅಂದರು. ಸಾಕಾಗುವುದಿಲ್ಲ. ಲೆಟರ್‌ನ ಕೊನೆಯ ಪುಟದಲ್ಲಿ "ಈ ಹಿಂದಿನ ಎಲ್ಲ ಮಾತುಕತೆಗಳ ಬದಲಿಗೆ ಈ ಪತ್ರವೇ ಅನ್ವಯ" ಅಂತ ಒಂದು ಸಾಲಿತ್ತು. ಅದಕ್ಕೆ ಸಹಿ ಹಾಕಿದರೆ ಹಿಂದಿನ ಮೇಲ್‌ಗೆ ಬೆಲೆ ಉಳಿಯದೇ ಹೋಗಬಹುದು. ಮ್ಯಾನೇಜರ್ ಬದಲಾದರಂತೂ ಕೇಳುವವರೇ ಇರುವುದಿಲ್ಲ. ಹಾಗಾಗಿ ಇದೇ ಏರ್ಪಾಡನ್ನು ಲೆಟರ್‌ಗೆ ಅನುಬಂಧವಾಗಿ ಸೇರಿಸಿ, ಬದಲಿಸುವುದಾದರೆ 30 ದಿನ ಮೊದಲೇ ತಿಳಿಸಿ ಅಂತ ಕೇಳಲು ಹೇಳಿದೆ.

ಆಫರ್ ವಾಪಸ್ ಹೋಗುವ ಭಯಕ್ಕೆ ನಾನು ಕೊಟ್ಟ ಉತ್ತರ ಇಷ್ಟೇ: ಹೀಗೆ ವಿವರವಾಗಿ, ಒಂದೇ ಸಲ ಕೇಳಿದ್ದಕ್ಕೆ ಆಫರ್ ಹೋಗುವುದು ಅಪರೂಪ. ಆದರೆ ಹೋಗುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ಅನುಬಂಧ ಕೈಗೆ ಬರುವವರೆಗೆ ಹಳೆಯ ಕೆಲಸಕ್ಕೆ ರಾಜೀನಾಮೆ ಬೇಡ.

ಮೂರನೇ ದಿನ ಅರ್ಧ ಪುಟದ ಅನುಬಂಧ ಬಂತು. 30 ದಿನ ಕೇಳಿದ್ದಕ್ಕೆ 15 ಕೊಟ್ಟಿದ್ದರು. ಅಷ್ಟರಲ್ಲಿ ಥೆರಪಿಗೆ ಬೇರೆ ಏರ್ಪಾಡು ಮಾಡಿಕೊಳ್ಳಲು ಆಗುತ್ತದಾ ಅಂತ ಕೇಳಿದೆ. ಆಗುತ್ತದೆ ಅಂದರು. ಅವತ್ತೇ ಸಹಿ ಹಾಕಿದರು.