ಪ್ರತಿಕ್ರಿಯೆ: ಬೈಲುಕುಪ್ಪೆಯ ಅಜ್ಜಿಗೆ ನಮಸ್ಕಾರ

“ಬೈಲುಕುಪ್ಪೆಯಲ್ಲಿರುವ ಗೆಳೆಯನ ಮನೆಗೆ ಹೋಗುತ್ತಿದ್ದೇನೆ. ಅವನ ಅಜ್ಜಿಗೆ ಟಿಬೆಟನ್ ಬಿಟ್ಟು ಬೇರೆ ಭಾಷೆ ಬಾರದು. ಕಾಲಿಗೆ ಬೀಳಲೇ? ಏನು ಹೇಳಲಿ?”

ಕಾಲಿಗೆ ಬೀಳುವುದು ಬೇಡ. ಅದು ನಮ್ಮ ರೂಢಿ, ಅಜ್ಜಿಗೆ ಮುಜುಗರವಾದೀತು. ಎದೆಯ ಮುಂದೆ ಕೈ ಜೋಡಿಸಿ, ತಲೆಯನ್ನು ತುಸು ಬಾಗಿಸಿ ‘ತಾಶಿ ದೆಲೆಕ್’ ಎನ್ನಿ. ಶುಭವಾಗಲಿ ಎಂಬರ್ಥದ ಮಾತು. ಉಚ್ಚಾರ ತಪ್ಪಿದರೆ ಅಜ್ಜಿ ನಗುತ್ತಾರೆ. ನೀವೂ ನಕ್ಕುಬಿಡಿ, ಅರ್ಧ ಪರಿಚಯ ಅಲ್ಲಿಗೇ ಮುಗಿಯುತ್ತದೆ.

ಬಿಳಿಯ ರೇಷ್ಮೆಯಂಥ ಶಾಲು, ಅಂದರೆ ಖತಾ, ಒಯ್ದರೆ ಇನ್ನೂ ಚೆನ್ನ. ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ. ಮಡಿಕೆ ಬಿಚ್ಚಿ, ಎರಡೂ ಅಂಗೈಗಳ ಮೇಲೆ ಉದ್ದಕ್ಕೆ ಇಳಿಬಿಟ್ಟು, ಬಾಗಿ ಮುಂದೆ ಹಿಡಿಯಿರಿ. ಹಿರಿಯರ ಕೊರಳಿಗೆ ನೀವಾಗಿ ಹಾಕಲು ಹೋಗಬೇಡಿ, ಕೈಗೆ ಕೊಡಿ. ಅವರು ಅದನ್ನೇ ತಿರುಗಿ ನಿಮ್ಮ ಕೊರಳಿಗೆ ಹಾಕಿದರೆ ಉಡುಗೊರೆ ಬೇಡವೆಂದರು ಎಂದು ಪೆಚ್ಚಾಗಬೇಡಿ, ಅದು ಆಶೀರ್ವಾದ. ನಾನು ಮೊದಲ ಸಲ ಅದನ್ನು ತೆಗೆದು ಮತ್ತೆ ಅವರ ಕೈಗೇ ಕೊಡಲು ಹೊರಟಿದ್ದೆ!

ತೀರಾ ಹಳೆಯ ಕಾಲದವರು ಗೌರವಕ್ಕೆ ನಾಲಿಗೆಯ ತುದಿ ಹೊರಚಾಚುವುದೂ ಉಂಟು, ಈಗ ಅಪರೂಪ. ಅದು ಅಣಕವಲ್ಲ.

ಆಮೇಲೆ ಉಪ್ಪು, ಬೆಣ್ಣೆ ಹಾಕಿದ ಚಹಾ ಬಂದೀತು. ಎರಡೂ ಕೈಗಳಿಂದ ತೆಗೆದುಕೊಂಡು ‘ಥೂಜೆಚೆ’ ಎಂದರೆ ಕೃತಜ್ಞತೆ. ಗುಟುಕರಿಸಿದಷ್ಟೂ ಬಟ್ಟಲು ಮತ್ತೆ ತುಂಬುತ್ತದೆ. ಸಾಕೆನಿಸಿದರೆ ತುಂಬಿದ್ದನ್ನು ಹಾಗೇ ಬಿಟ್ಟು, ಹೊರಡುವಾಗ ಕುಡಿಯಿರಿ.